ಸೇತುವೆ ಮುರಿದವರು ಯಾರು? ಅಶ್ವತ್ಥಾಮನ ಒಂದು ರಾತ್ರಿ ಮತ್ತು ತರಗತಿಯಲ್ಲಿ ಧರ್ಮಯುದ್ಧದ ಚರ್ಚೆ

ನಾನು ಶಿರಸಿಯಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. 2023ರ ನವೆಂಬರಿನಲ್ಲಿ ತರಗತಿಯಲ್ಲಿ ಒಂದು ಚರ್ಚೆ ಇಟ್ಟಿದ್ದೆ. ಆಗ ಎಲ್ಲರ ಮೊಬೈಲಿನಲ್ಲೂ ಗಾಜಾದ ವಿಡಿಯೊಗಳೇ. ಹಾಗಾಗಿ ವಿಷಯವನ್ನೂ ನೇರವಾಗಿ ಅದನ್ನೇ ಕೊಟ್ಟೆ: ಈ ಯುದ್ಧ ಧರ್ಮಯುದ್ಧವೇ, ಅಲ್ಲವೇ? ಹತ್ತೇ ನಿಮಿಷದಲ್ಲಿ ತರಗತಿ ಎರಡು ಹೋಳಾಯಿತು. ಹೋಳಾಗಿದ್ದು ವಾದದ ಮೇಲಲ್ಲ, ಹೆಸರಿನ ಮೇಲೆ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬಂದ ಇಬ್ಬರು ಹುಡುಗರು ಸಂಜೆ ಮಾತಾಡದೆ ಮನೆಗೆ ಹೋದರು. ತಪ್ಪು ಮಕ್ಕಳದ್ದಲ್ಲ. ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಕೇಳಬೇಕು ಅನ್ನುವುದನ್ನು ನಾನು ಯೋಚಿಸಿರಲಿಲ್ಲ.

ಆವತ್ತಿನಿಂದ ಈ ಚರ್ಚೆಯನ್ನು ಬೇರೆ ರೀತಿ ನಡೆಸುತ್ತಿದ್ದೇನೆ. ಇವತ್ತಿನ ಯುದ್ಧದಿಂದ ಶುರು ಮಾಡುವುದಿಲ್ಲ. ಮಹಾಭಾರತದ ಹದಿನೆಂಟನೇ ದಿನದ ರಾತ್ರಿಯಿಂದ ಶುರು ಮಾಡುತ್ತೇನೆ. ಅಲ್ಲಿ ಪಾಂಡವರ ಪಕ್ಷ, ಕೌರವರ ಪಕ್ಷ ಅಂತ ಯಾರ ಮನೆಗೂ ಚೀಟಿ ಅಂಟಿಸಲು ಆಗುವುದಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಕತೆ ಗೊತ್ತಿರುತ್ತದೆ. ಗದಾಯುದ್ಧದ ಆಟವನ್ನೋ ತಾಳಮದ್ದಲೆಯನ್ನೋ ಒಮ್ಮೆಯಾದರೂ ನೋಡಿರುತ್ತಾರೆ, ಅರ್ಧ ನಿದ್ದೆಯಲ್ಲಾದರೂ ಕೇಳಿರುತ್ತಾರೆ.

ಮೊದಲು ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆಯುತ್ತೇನೆ. ಯುದ್ಧಕ್ಕೆ ಹೋಗಿದ್ದು ಸರಿಯೇ? ಯುದ್ಧ ಮಾಡಿದ ರೀತಿ ಸರಿಯೇ? ಒಂದು ಕಾರಣದ ಪ್ರಶ್ನೆ, ಇನ್ನೊಂದು ರೀತಿಯ ಪ್ರಶ್ನೆ. ಯುದ್ಧದ ಬಗ್ಗೆ ಗಂಭೀರವಾಗಿ ಯೋಚಿಸಿದ ಎಲ್ಲ ಧರ್ಮಗಳಲ್ಲೂ ಈ ಎರಡೂ ಇವೆ. ಜಗಳ ಹುಟ್ಟುವುದು ಇವೆರಡನ್ನು ಕಲಸಿದಾಗ. "ನಮ್ಮ ಕಾರಣ ಸರಿ ಇದೆ, ಅದಕ್ಕೆ ಏನು ಮಾಡಿದರೂ ಸರಿ" ಅನ್ನುವುದು ಒಂದು ಕಲಸು. "ನೀವು ಹಾಗೆ ಮಾಡಿದಿರಿ, ಅದಕ್ಕೆ ನಿಮ್ಮ ಕಾರಣವೇ ಸುಳ್ಳು" ಅನ್ನುವುದು ಇನ್ನೊಂದು.

ಕುರುಕ್ಷೇತ್ರದಲ್ಲಿ ಎರಡನೇ ಪ್ರಶ್ನೆಗೆ ಬಾಯಿಮಾತಿನ ಒಪ್ಪಂದವೇ ಇತ್ತು. ಭೀಷ್ಮಪರ್ವದ ಮೊದಲ ಅಧ್ಯಾಯದಲ್ಲಿ, ಯುದ್ಧ ಶುರುವಾಗುವ ಮುಂಚೆ, ಎರಡೂ ಕಡೆಯವರು ಕೂತು ನಿಯಮ ಮಾಡಿಕೊಳ್ಳುತ್ತಾರೆ. ರಥದವನು ರಥದವನ ಜೊತೆ, ಕಾಲಾಳು ಕಾಲಾಳಿನ ಜೊತೆ ಹೋರಾಡಬೇಕು. ಹೊಡೆಯುವ ಮುಂಚೆ ಕೂಗಿ ಹೇಳಬೇಕು. ಮೈಮರೆತವನನ್ನು, ಹೆದರಿದವನನ್ನು, ಬೆನ್ನು ತಿರುಗಿಸಿದವನನ್ನು, ಆಯುಧ ಕಳೆದುಕೊಂಡವನನ್ನು ಹೊಡೆಯಬಾರದು. ಇನ್ನೊಬ್ಬನ ಜೊತೆ ಕಾದಾಡುತ್ತಿರುವವನ ಮೇಲೆ ಬೀಳಬಾರದು. ಸಾರಥಿಗಳು, ಆಯುಧ ಸಾಗಿಸುವವರು, ಭೇರಿ ಬಾರಿಸುವವರು, ಶಂಖ ಊದುವವರು, ಇವರನ್ನು ಮುಟ್ಟಬಾರದು. ದಿನದ ಯುದ್ಧ ಮುಗಿದ ಮೇಲೆ ಎರಡೂ ಕಡೆ ಸ್ನೇಹದಿಂದ ಇರಬೇಕು.

ಈ ಪಟ್ಟಿ ಓದಿದ ಕೂಡಲೇ ಮಕ್ಕಳು ತಾವಾಗಿಯೇ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಹದಿಮೂರನೇ ದಿನ ಅಭಿಮನ್ಯುವನ್ನು ಆರು ಮಂದಿ ಸೇರಿ ಮುಗಿಸಿದರು. ಹದಿನಾಲ್ಕನೇ ದಿನ ಸಾತ್ಯಕಿಯ ಜೊತೆ ಕಾದಾಡುತ್ತಿದ್ದ ಭೂರಿಶ್ರವನ ಕೈಯನ್ನು ಅರ್ಜುನ ಕತ್ತರಿಸಿದ. ಹದಿನೈದನೇ ದಿನ "ಅಶ್ವತ್ಥಾಮ ಸತ್ತ" ಅಂತ ಧರ್ಮರಾಯ ಗಟ್ಟಿಯಾಗಿ ಹೇಳಿ, ಆನೆ ಅನ್ನುವುದನ್ನು ಮೆಲ್ಲಗೆ ನುಂಗಿದ. ಅದನ್ನು ನಂಬಿ ಆಯುಧ ಕೆಳಗಿಟ್ಟು ಕೂತ ದ್ರೋಣರ ತಲೆಯನ್ನು ಧೃಷ್ಟದ್ಯುಮ್ನ ತೆಗೆದ. ಹದಿನೇಳನೇ ದಿನ ಕರ್ಣನ ರಥದ ಗಾಲಿ. ಹದಿನೆಂಟನೇ ದಿನ ದುರ್ಯೋಧನನ ತೊಡೆ. ಎರಡೂ ಕಡೆಯವರು ಮುರಿದಿದ್ದಾರೆ. ಕತೆ ಅದನ್ನು ಮುಚ್ಚಿಡುವುದೂ ಇಲ್ಲ. ಅವತ್ತಿನವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ಆ ಸುಳ್ಳಿನ ಮೇಲೆ ನೆಲಕ್ಕೆ ತಾಗಿತು ಅನ್ನುತ್ತದೆ. ಗೆದ್ದವರ ಕತೆಯೇ ಗೆದ್ದವರ ಮೇಲೆ ಹೀಗೆ ಬೆರಳು ತೋರಿಸುವುದು ನನಗೆ ಈ ಗ್ರಂಥದಲ್ಲಿ ತುಂಬಾ ಇಷ್ಟವಾದ ವಿಷಯ.

ಈಗ ರಾತ್ರಿಗೆ ಬರೋಣ. ಕೌರವರ ಕಡೆ ಉಳಿದವರು ಮೂರೇ ಜನ: ಅಶ್ವತ್ಥಾಮ, ಅವನ ಸೋದರಮಾವ ಕೃಪ, ಮತ್ತೆ ಕೃತವರ್ಮ. ತೊಡೆ ಮುರಿದು ಬಿದ್ದ ದುರ್ಯೋಧನ ಅಶ್ವತ್ಥಾಮನಿಗೆ ಸೇನಾಪತಿಯ ಪಟ್ಟ ಕಟ್ಟಿಸಿದ್ದಾನೆ. ಮೂವರೂ ಕಾಡಿನಲ್ಲಿ ಒಂದು ಆಲದ ಮರದ ಕೆಳಗೆ ಮಲಗುತ್ತಾರೆ. ಇಬ್ಬರಿಗೆ ನಿದ್ದೆ ಬಂತು. ಅಶ್ವತ್ಥಾಮನಿಗೆ ಬರಲಿಲ್ಲ. ಅವನು ನೋಡುತ್ತಿದ್ದ ಹಾಗೆ ಒಂದು ಗೂಬೆ ಸದ್ದಿಲ್ಲದೆ ಬಂದು ಮರದಲ್ಲಿ ಮಲಗಿದ್ದ ಕಾಗೆಗಳನ್ನು ಕೊಂದಿತು. ಕೆಲವಕ್ಕೆ ರೆಕ್ಕೆ ಮುರಿಯಿತು, ಕೆಲವಕ್ಕೆ ಕತ್ತು, ಕೆಲವಕ್ಕೆ ಕಾಲು. ಅವನಿಗೆ ದಾರಿ ಸಿಕ್ಕಿತು. ಇಬ್ಬರನ್ನೂ ಎಬ್ಬಿಸಿದ.

ಚರ್ಚೆಯ ಜೀವ ಇರುವುದು ಇಲ್ಲಿ. ಕೃಪ ಒಪ್ಪುವುದಿಲ್ಲ. ಮಲಗಿದವರನ್ನು, ಆಯುಧ ಇಟ್ಟವರನ್ನು, ಶರಣು ಅಂದವರನ್ನು ಕೊಲ್ಲುವುದನ್ನು ಲೋಕ ಒಪ್ಪುವುದಿಲ್ಲ ಅನ್ನುತ್ತಾನೆ. ಈಗ ಸಿಟ್ಟಿನಲ್ಲಿದ್ದೀಯ, ಈ ರಾತ್ರಿ ಮಲಗು, ನಾಳೆ ಎದುರಿಗೆ ನಿಂತು ಕಾದೋಣ, ನಾನೂ ಬರುತ್ತೇನೆ ಅನ್ನುತ್ತಾನೆ. ಹೋಗಿ ಧೃತರಾಷ್ಟ್ರ, ಗಾಂಧಾರಿ, ವಿದುರ ಇವರನ್ನು ಒಂದು ಮಾತು ಕೇಳೋಣ ಅನ್ನುತ್ತಾನೆ. ಅಶ್ವತ್ಥಾಮನ ಉತ್ತರ ಚಿಕ್ಕದು. ಮಾವ, ನೀನು ಹೇಳುವುದು ನಿಜ. ಆದರೆ ಧರ್ಮದ ಆ ಸೇತುವೆಯನ್ನು ಅವರೇ ಮೊದಲು ನೂರು ಚೂರು ಮಾಡಿದ್ದಾರೆ. ನನ್ನ ತಂದೆ ಆಯುಧ ಇಟ್ಟ ಮೇಲೆ ಕೊಂದರು. ಅವರನ್ನು ಯಾಕೆ ಯಾರೂ ಬೈಯುವುದಿಲ್ಲ?

ಇದು ಸುಮ್ನೆ ಒಬ್ಬ ಕೆಟ್ಟವನ ಮಾತಲ್ಲ. ಇವತ್ತು ಪ್ರತಿ ಯುದ್ಧದಲ್ಲಿ, ಪ್ರತಿ ಟಿವಿ ಚರ್ಚೆಯಲ್ಲಿ, 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ನಾಲ್ಕು ದಿನ ಕಾದಾಟ ನಡೆದಾಗ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಎಲ್ಲ ಕಡೆಯೂ ಕೇಳಿದ ಮಾತು ಇದೇ. ಅವರೇ ಮೊದಲು ಮುರಿದರು. ಇನ್ನು ನಮಗೆ ಯಾವ ನಿಯಮ? ಹಾಗಾಗಿ ನನ್ನ ಚರ್ಚೆಯ ವಿಷಯ ಈಗ ಇದೊಂದೇ: "ಎದುರಾಳಿ ನಿಯಮ ಮುರಿದ ಮೇಲೆ ನಮ್ಮನ್ನು ನಿಯಮ ಕಟ್ಟುವುದಿಲ್ಲ." ಒಂದು ಕಡೆ ಅಶ್ವತ್ಥಾಮನ ಬೆಂಚು, ಇನ್ನೊಂದು ಕಡೆ ಕೃಪನ ಬೆಂಚು.

ಮುಂದೆ ನಡೆದಿದ್ದನ್ನು ಮೂರು ತುಂಡು ಮಾಡಿ ಕೊಡುತ್ತೇನೆ, ಯಾಕೆಂದರೆ ಮೂರಕ್ಕೂ ಒಂದೇ ಉತ್ತರ ಇಲ್ಲ. ಮೊದಲನೆಯದು, ಅಶ್ವತ್ಥಾಮ ಪಾಂಡವರ ಬಿಡಾರದೊಳಗೆ ಹೋಗಿ ಮಲಗಿದ್ದ ಧೃಷ್ಟದ್ಯುಮ್ನನನ್ನು ಒದ್ದು, ತುಳಿದು ಕೊಂದಿದ್ದು. ಆಯುಧದಿಂದಾದರೂ ಕೊಲ್ಲು ಅಂತ ಅವನು ಕೇಳಿಕೊಂಡ, ಇವನು ಕೊಡಲಿಲ್ಲ. ದ್ರೌಪದಿಯ ಐದು ಮಕ್ಕಳು, ಶಿಖಂಡಿ ಎಲ್ಲ ಅದೇ ರಾತ್ರಿ ಹೋದರು. ಎರಡನೆಯದು, ಕೃಪ ಮತ್ತು ಕೃತವರ್ಮ ಬಾಗಿಲಲ್ಲಿ ನಿಂತಿದ್ದು. ಹೆದರಿ ಹೊರಗೆ ಓಡಿ ಬಂದವರನ್ನು, ಆಯುಧ ಇಲ್ಲದೆ ಕೈ ಮುಗಿದವರನ್ನೂ ಅವರು ಬಿಡಲಿಲ್ಲ, ಬಿಡಾರಕ್ಕೆ ಬೆಂಕಿಯನ್ನೂ ಇಟ್ಟರು. ಮೂರನೆಯದು, ಮರುದಿನ ಸಿಕ್ಕಿಬಿದ್ದಾಗ ಅಶ್ವತ್ಥಾಮ ಬ್ರಹ್ಮಶಿರ ಅಸ್ತ್ರ ಬಿಟ್ಟಿದ್ದು. ಅರ್ಜುನನೂ ಬಿಟ್ಟ. ಋಷಿಗಳು ನಡುವೆ ಬಂದು ಹಿಂದಕ್ಕೆ ತೆಗೆದುಕೊಳ್ಳಿ ಅಂದರು. ಅರ್ಜುನ ತೆಗೆದ. ಅಶ್ವತ್ಥಾಮನಿಗೆ ಬಿಡಲು ಗೊತ್ತು, ತೆಗೆಯಲು ಗೊತ್ತಿಲ್ಲ. ಅದನ್ನು ಪಾಂಡವರ ಹೆಂಗಸರ ಗರ್ಭಗಳ ಕಡೆಗೆ ತಿರುಗಿಸಿದ. ಉತ್ತರೆಯ ಹೊಟ್ಟೆಯಲ್ಲಿ ಪರೀಕ್ಷಿತ ಇದ್ದ. ಮನುಷ್ಯರ ಮೇಲೆ ಇದನ್ನು ಎಂಥ ಕಷ್ಟದಲ್ಲೂ ಬಿಡಬೇಡ ಅಂತ ದ್ರೋಣರು ಕಲಿಸುವಾಗಲೇ ಹೇಳಿದ್ದರು.

ಇನ್ನು ಬೇರೆ ಧರ್ಮಗಳ ಅಳತೆಗೋಲು. ಇಲ್ಲಿ ನಾನು ಜಾಸ್ತಿ ಕೊಡುವುದಿಲ್ಲ, ಮೂರು ಸಾಕು.

ಹದಿಮೂರನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಕಾರಣದ ಪ್ರಶ್ನೆಗೆ ಮೂರು ಷರತ್ತು ಹಾಕಿದ. ಯುದ್ಧ ಸಾರುವ ಅಧಿಕಾರ ಇದ್ದವನೇ ಸಾರಬೇಕು. ಎದುರಿನವರು ನಿಜವಾಗಿ ಒಂದು ತಪ್ಪು ಮಾಡಿರಬೇಕು. ಹೋಗುವವನ ಉದ್ದೇಶ ಒಳ್ಳೆಯದಿರಬೇಕು. ಈ ಮೂರನ್ನು ಅಶ್ವತ್ಥಾಮನ ಮೇಲೆ ಇಟ್ಟು ನೋಡಿ. ಅಧಿಕಾರ? ಪಟ್ಟ ಕಟ್ಟಿದ್ದಾನೆ ರಾಜ, ಆದರೆ ಆ ರಾಜನಿಗೆ ಸೈನ್ಯವೂ ಇಲ್ಲ, ರಾಜ್ಯವೂ ಇಲ್ಲ, ಬೆಳಗಾಗುವವರೆಗೆ ಜೀವವೂ ಇರುವುದಿಲ್ಲ. ಮಕ್ಕಳು ಇದರ ಮೇಲೇ ಹತ್ತು ನಿಮಿಷ ಹೊಡೆದಾಡುತ್ತಾರೆ, ಹೊಡೆದಾಡಲಿ. ತಪ್ಪು? ಖಂಡಿತ ಇದೆ. ಆಯುಧ ಇಟ್ಟ ತಂದೆಯನ್ನು ಕೊಂದರು, ಅದನ್ನು ಕೃಪನ ಬೆಂಚೂ ಒಪ್ಪಲೇಬೇಕು. ಉದ್ದೇಶ? ಇಲ್ಲಿ ಅವನು ಬೀಳುತ್ತಾನೆ. ಯುದ್ಧದಲ್ಲಿ ನಿಜವಾದ ಕೆಡುಕು ಸಾವಲ್ಲ, ನೋಯಿಸುವ ಆಸೆ, ಸೇಡಿನ ಕ್ರೌರ್ಯ ಅಂತ ಅದಕ್ಕೂ ಎಂಟುನೂರು ವರ್ಷ ಹಿಂದೆ ಇನ್ನೊಬ್ಬ ಕ್ರೈಸ್ತ ಪಂಡಿತ ಅಗಸ್ಟೀನ್ ಬರೆದಿದ್ದ. ಅಕ್ವಿನಾಸ್ ಅದನ್ನೇ ಎತ್ತಿ ಹೇಳುತ್ತಾನೆ. ಆಯುಧದಿಂದ ಕೊಲ್ಲು ಅಂದವನನ್ನು ಕಾಲಿನಿಂದ ಕೊಂದ ಆ ಒಂದು ಕ್ಷಣ ಉದ್ದೇಶವನ್ನು ತೋರಿಸಿಬಿಡುತ್ತದೆ ಅಲ್ವಾ?

ಎರಡನೆಯದು ಮೊದಲ ಖಲೀಫ ಅಬೂಬಕರ್ ಸಿರಿಯಾಕ್ಕೆ ಹೊರಟ ಸೇನಾನಾಯಕ ಯಜೀದನಿಗೆ ಹೇಳಿದ ಹತ್ತು ಮಾತು. ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಕೊಲ್ಲಬೇಡ. ಹಣ್ಣು ಬಿಡುವ ಮರ ಕಡಿಯಬೇಡ. ಜನ ಇರುವ ಊರನ್ನು ಹಾಳು ಮಾಡಬೇಡ. ತಿನ್ನುವುದಕ್ಕಲ್ಲದೆ ಕುರಿಯನ್ನೋ ಒಂಟೆಯನ್ನೋ ಕೊಲ್ಲಬೇಡ. ದೇವರ ಧ್ಯಾನಕ್ಕೆ ಮಠದಲ್ಲಿ ಕೂತವರನ್ನು ಅವರ ಪಾಡಿಗೆ ಬಿಡು. ಇದು ಪೂರ್ತಿ ರೀತಿಯ ಪ್ರಶ್ನೆ. ಎದುರಿನವರು ಇದನ್ನು ಪಾಲಿಸಿದರೆ ಮಾತ್ರ ನೀನೂ ಪಾಲಿಸು ಅನ್ನುವ ಮಾತು ಇದರಲ್ಲಿಲ್ಲ. ಅಶ್ವತ್ಥಾಮನಿಗೆ ಬೇಕಾಗಿದ್ದ ಮಾತು ಅದೇ, ಸಿಗುವುದಿಲ್ಲ.

ಮೂರನೆಯದು ಯಹೂದ್ಯರ ತೋರಾದ ಒಂದು ಸಾಲು, ಕ್ರೈಸ್ತರ ಬೈಬಲ್ಲಿನಲ್ಲೂ ಇದೆ. ಊರಿಗೆ ಮುತ್ತಿಗೆ ಹಾಕಿದಾಗ ಅಲ್ಲಿನ ಹಣ್ಣಿನ ಮರಗಳಿಗೆ ಕೊಡಲಿ ಹಾಕಬೇಡ, ಹೊಲದ ಮರ ಏನು ಮನುಷ್ಯನೇ, ನೀನು ಅದಕ್ಕೆ ಮುತ್ತಿಗೆ ಹಾಕಲು? ಇದನ್ನು ಓದಿದಾಗ ತೋಟದ ಮನೆಯ ಮಕ್ಕಳ ಮುಖ ನೋಡಬೇಕು. ಅಡಿಕೆ ಸಸಿ ಫಸಲಿಗೆ ಬರಲು ವರ್ಷಗಟ್ಟಲೆ ಬೇಕು ಅಂತ ಅವರಿಗೆ ಗೊತ್ತು. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಹೇಳಿದ: "ಮೇಡಂ, ಮನುಷ್ಯನನ್ನು ಕೊಂದರೆ ಅವನು ಮಾತ್ರ ಸಾಯ್ತಾನೆ. ತೋಟ ಕಡಿದರೆ ಯುದ್ಧ ಮುಗಿದು ಹತ್ತು ವರ್ಷ ಆದರೂ ಆ ಮನೆ ಏಳೋದಿಲ್ಲ." ನಿಯಮದ ಕಾರಣವನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದು ಅಪ್ರಾಮಾಣಿಕ. ಮರದ ಬಗ್ಗೆ ಇಷ್ಟು ಮಮತೆ ತೋರಿಸುವ ಅದೇ ಅಧ್ಯಾಯದಲ್ಲಿ, ಎರಡು ಮೂರು ಸಾಲು ಮೇಲೆ, ಹತ್ತಿರದ ಕೆಲವು ಜನಾಂಗಗಳ ಊರಲ್ಲಿ ಉಸಿರಾಡುವ ಯಾವುದನ್ನೂ ಉಳಿಸಬೇಡ ಅನ್ನುವ ಆಜ್ಞೆ ಇದೆ. ಕುರಾನಿನಲ್ಲಿ "ನಿಮ್ಮ ಮೇಲೆ ಯುದ್ಧ ಮಾಡುವವರ ಮೇಲೆ ಯುದ್ಧ ಮಾಡಿ, ಆದರೆ ಮಿತಿ ಮೀರಬೇಡಿ" ಅನ್ನುವ ಮಾತೂ ಇದೆ, ಜನ ಬೇರೆ ಕಡೆಯಿಂದ ಎತ್ತಿ ತೋರಿಸುವ ಕಠಿಣ ಸಾಲೂ ಇದೆ. ನಮ್ಮ ಮಹಾಭಾರತದಲ್ಲಿ ಒಪ್ಪಂದವೂ ಇದೆ, ಅದನ್ನು ಮುರಿಯಲು ಕೃಷ್ಣನೇ ಹೇಳಿಕೊಟ್ಟ ಸಂದರ್ಭಗಳೂ ಇವೆ. ಹಾಗಾಗಿ ನನ್ನ ಒಂದು ನಿಯಮ: ಯಾರು ಯಾವ ಸಾಲನ್ನು ಓದಿದರೂ ಅದರ ಹಿಂದಿನ ಮುಂದಿನ ಸಾಲನ್ನೂ ಓದಬೇಕು. ಇಷ್ಟು ಮಾಡಿದರೆ ಯಾವ ಧರ್ಮವೂ ಪೂರ್ತಿ ಶಾಂತಿಯೂ ಅಲ್ಲ, ಪೂರ್ತಿ ಕತ್ತಿಯೂ ಅಲ್ಲ ಅನ್ನುವುದು ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ.

ಒಂದೇ ಧರ್ಮದೊಳಗೂ ಈ ಎಳೆದಾಟ ನಿಂತಿಲ್ಲ. 2020ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್, ಈಗಿನ ಆಯುಧಗಳ ಕಾಲದಲ್ಲಿ "ನ್ಯಾಯದ ಯುದ್ಧ" ಅನ್ನುವ ಹಳೆಯ ಅಳತೆಯನ್ನು ಬಳಸುವುದೇ ಬಹಳ ಕಷ್ಟ ಅಂತ ಬರೆದರು. 2024ರ ಮಾರ್ಚಿನಲ್ಲಿ, ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಪರಮೋಚ್ಚ ಧರ್ಮಗುರು ಕಿರಿಲ್ ಮುಖ್ಯಸ್ಥರಾಗಿರುವ ಪರಿಷತ್ತು ಉಕ್ರೇನಿನ ಮೇಲಿನ ಯುದ್ಧವನ್ನು ಪವಿತ್ರ ಯುದ್ಧ ಅಂತ ಕರೆಯಿತು. ಇಬ್ಬರ ಕೈಯಲ್ಲೂ ಇರುವುದು ಒಂದೇ ಬೈಬಲ್.

ಇನ್ನು ಚರ್ಚೆ ನಡೆಸುವ ಬಗೆ. ಎರಡು ಪೀರಿಯಡ್ ಒಟ್ಟಿಗೆ ಬೇಕು, ಅಂದರೆ ತೊಂಬತ್ತು ನಿಮಿಷ. ನಲವತ್ತು ಮಕ್ಕಳ ತರಗತಿ ಅಂತ ಇಟ್ಟುಕೊಳ್ಳಿ.

ಹಿಂದಿನ ದಿನವೇ ಒಂದು ಹಾಳೆ ಕೊಡಬೇಕು. ಒಂದು ಮಗ್ಗುಲಲ್ಲಿ ಆ ರಾತ್ರಿಯ ಕತೆ, ಮೇಲೆ ಹೇಳಿದ ಮೂರು ತುಂಡುಗಳಾಗಿ. ಇನ್ನೊಂದು ಮಗ್ಗುಲಲ್ಲಿ ನಿಯಮಗಳು: ಭೀಷ್ಮಪರ್ವದ ಒಪ್ಪಂದ, ಅಬೂಬಕರ್ ಮಾತು, ತೋರಾದ ಸಾಲು, ಅಕ್ವಿನಾಸನ ಮೂರು ಷರತ್ತು. ಒಂದೇ ಹಾಳೆ. ಜಾಸ್ತಿ ಕೊಟ್ಟರೆ ಓದುವುದಿಲ್ಲ.

ಪಾತ್ರ ಹಂಚುವುದು ಚೀಟಿ ಎತ್ತಿಯೇ. ಇದನ್ನು ನಾನು ತಾಳಮದ್ದಲೆಯಿಂದ ಕಲಿತೆ. ಇವತ್ತು ಕರ್ಣನ ಅರ್ಥ ಹೇಳುವವನು ನಾಳೆ ಕೃಷ್ಣನ ಅರ್ಥ ಹೇಳುತ್ತಾನೆ, ಎರಡನ್ನೂ ಜೀವ ಕೊಟ್ಟು ಹೇಳುತ್ತಾನೆ. ದುರ್ಯೋಧನನ ಪರ ಮಾತಾಡಿದ ಅಂತ ಅರ್ಥಧಾರಿಯನ್ನು ಯಾರೂ ಬೈಯುವುದಿಲ್ಲ. ನಮ್ಮ ಮಕ್ಕಳಿಗೆ ಇದು ಗೊತ್ತಿರುವ ಶಿಸ್ತು. "ಇದು ನಿನ್ನ ಅಭಿಪ್ರಾಯ ಅಲ್ಲ, ನಿನ್ನ ಪಾತ್ರ" ಅಂದರೆ ಸಾಕು, ಭುಜದಿಂದ ಭಾರ ಇಳಿಯುತ್ತದೆ. ಅಶ್ವತ್ಥಾಮನ ಬೆಂಚಿಗೆ ಆರು ಜನ, ಕೃಪನ ಬೆಂಚಿಗೆ ಆರು ಜನ, ಒಬ್ಬ ಭಾಗವತ. ಉಳಿದವರೆಲ್ಲ ತೂಗುವವರು. ಭಾಗವತನ ಕೈಯಲ್ಲಿ ಒಂದು ಜೊತೆ ತಾಳ. ಮಾತು ದಾರಿ ತಪ್ಪಿದರೆ ತಾಳ ಹಾಕುತ್ತಾನೆ, ಮಾತಾಡುವವನು ನಿಲ್ಲಿಸಬೇಕು.

ಮೊದಲ ಹದಿನೈದು ನಿಮಿಷ ಕಾರಣದ ಪ್ರಶ್ನೆ ಮಾತ್ರ. ಅಶ್ವತ್ಥಾಮನಿಗೆ ಹೋಗಲು ಹಕ್ಕಿತ್ತೇ? ಅಕ್ವಿನಾಸನ ಮೂರು ಷರತ್ತು ಒಂದೊಂದಾಗಿ. ಈ ಸುತ್ತಿನಲ್ಲಿ ಬಿಡಾರದೊಳಗೆ ಏನಾಯಿತು ಅಂತ ಯಾರೂ ಹೇಳುವಂತಿಲ್ಲ, ಹೇಳಿದರೆ ತಾಳ.

ಮುಂದಿನ ಇಪ್ಪತ್ತೈದು ನಿಮಿಷ ರೀತಿಯ ಪ್ರಶ್ನೆ. ಮೂರು ತುಂಡುಗಳನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಬೇಕು. ಪ್ರತಿಯೊಂದಕ್ಕೂ ಎರಡೂ ಬೆಂಚು ಹೇಳಬೇಕು: ಇದು ಸರಿ ಅಥವಾ ತಪ್ಪು, ಹಾಳೆಯ ಯಾವ ನಿಯಮದಿಂದ. ನಿಯಮ ತೋರಿಸದೆ "ಅದು ಪಾಪ" ಅಂದರೆ ಲೆಕ್ಕಕ್ಕಿಲ್ಲ. ಇಲ್ಲಿ ಅಧ್ಯಾಪಕರು ಒಂದು ಮಾಹಿತಿ ನಡುವೆ ಹಾಕಬೇಕು, ಅದು ಚರ್ಚೆಯನ್ನೇ ತಿರುಗಿಸುತ್ತದೆ. ಇವತ್ತಿನ ಯುದ್ಧದ ಕಾನೂನಿನಲ್ಲಿ ಬಿಡಾರದಲ್ಲಿ ಮಲಗಿದ ಸೈನಿಕನ ಮೇಲೆ ದಾಳಿ ಮಾಡುವುದಕ್ಕೆ ತಡೆಯಿಲ್ಲ. ಅವನು ಶರಣಾಗಿರಬಾರದು, ಗಾಯಗೊಂಡು ಕೈಲಾಗದೆ ಬಿದ್ದಿರಬಾರದು, ಅಷ್ಟೇ. ಅಂದರೆ ಮೊದಲ ತುಂಡಿನಲ್ಲಿ ನಮ್ಮ ಹಳೆಯ ನಿಯಮವೇ ಜಾಸ್ತಿ ಕಟ್ಟುನಿಟ್ಟು. ಮನುಸ್ಮೃತಿಯ ಏಳನೇ ಅಧ್ಯಾಯವೂ ಮಲಗಿದವನನ್ನು ಹೊಡೆಯಬೇಡ ಅನ್ನುತ್ತದೆ. ಎರಡನೇ ತುಂಡಿನಲ್ಲಿ ಕೈ ಮುಗಿದವರನ್ನು ಕೊಂದಿದ್ದು ಹಳೆಯದಕ್ಕೂ ತಪ್ಪು, ಹೊಸದಕ್ಕೂ ತಪ್ಪು. ಮೂರನೆಯದನ್ನು ಸಮರ್ಥಿಸಲು ಅಶ್ವತ್ಥಾಮನ ಬೆಂಚಿಗೆ ಇವತ್ತಿನವರೆಗೆ ಒಂದು ಸಾಲೂ ಸಿಕ್ಕಿಲ್ಲ.

ಮೂರನೇ ತುಂಡಿಗೆ ಬಂದಾಗ ನಾನು ಕಾರವಾರದ ಮಾತು ಎತ್ತುತ್ತೇನೆ. ಟಾಗೋರ್ ಕಡಲತೀರದಲ್ಲಿ ಯುದ್ಧನೌಕೆ ಚಾಪಲ್ ನೋಡದ ಮಕ್ಕಳು ಕಡಿಮೆ. ಚೆಂಡಿಯಾದ ರಾಮ ರಾಘೋಬ ರಾಣೆಯವರ ಪ್ರತಿಮೆಯೂ ಕಾರವಾರದಲ್ಲಿದೆ. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ, ಗಾಯವಾದರೂ ಬಿಡದೆ, ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು, ಅಡ್ಡ ಬಿದ್ದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಅದಕ್ಕೇ ಪರಮವೀರ ಚಕ್ರ. ನೆಲಬಾಂಬು ಹುಗಿಯುವುದು ಸುಲಭ, ತೆಗೆಯುವುದು ಕಷ್ಟ. ಹುಗಿದವನು ಸತ್ತ ಮೇಲೂ, ಯುದ್ಧ ಮುಗಿದ ಮೇಲೂ ಅದು ಅಲ್ಲೇ ಇರುತ್ತದೆ. ಮೇಲೆ ಕಾಲಿಟ್ಟಿದ್ದು ಸೈನಿಕನೋ ದನ ಮೇಯಿಸುವ ಹುಡುಗನೋ ಅಂತ ಅದಕ್ಕೆ ತಿಳಿಯುವುದಿಲ್ಲ. ಬಿಡಲು ಗೊತ್ತಿದ್ದು ತೆಗೆಯಲು ಗೊತ್ತಿಲ್ಲದ ಅಸ್ತ್ರ ಅಂದರೆ ಏನು ಅಂತ ಮಕ್ಕಳಿಗೆ ಆಗ ಅರ್ಥವಾಗುತ್ತದೆ. ಎರಡನೇ ಪ್ರಶ್ನೆ ಮನುಷ್ಯರನ್ನು ಮಾತ್ರ ಅಳೆಯುವುದಿಲ್ಲ, ಆಯುಧವನ್ನೂ ಅಳೆಯುತ್ತದೆ.

ಆಮೇಲೆ ಇಪ್ಪತ್ತು ನಿಮಿಷ ಸೇತುವೆಯ ಪ್ರಶ್ನೆ, ಅಂದರೆ ಮುಖ್ಯ ವಿಷಯ. ಒಬ್ಬೊಬ್ಬರಿಗೆ ಒಂದೊಂದು ನಿಮಿಷ, ಒಂದು ಬೆಂಚು ಕೇಳಬೇಕು, ಇನ್ನೊಂದು ಉತ್ತರಿಸಬೇಕು. ಅಶ್ವತ್ಥಾಮನ ಬೆಂಚಿಗೆ ಗಟ್ಟಿ ವಾದವೇ ಇದೆ: ನಿಯಮ ಒಪ್ಪಂದ, ಒಪ್ಪಂದವನ್ನು ಒಬ್ಬರು ಮುರಿದರೆ ಇನ್ನೊಬ್ಬರು ಯಾಕೆ ಹೊರಬೇಕು? ಪಾಲಿಸುವವನು ಸೋಲುತ್ತಾನೆ, ಮುರಿದವನು ಗೆಲ್ಲುತ್ತಾನೆ, ಇದೇನು ಧರ್ಮ? ಕೃಪನ ಬೆಂಚು ಇದಕ್ಕೆ ಉತ್ತರ ಹುಡುಕಲು ಒದ್ದಾಡುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಹುಡುಕಿದಳು. "ಒಪ್ಪಂದ ಮುರಿದವನು ಧೃಷ್ಟದ್ಯುಮ್ನ. ಉತ್ತರೆಯ ಹೊಟ್ಟೆಯಲ್ಲಿದ್ದ ಕೂಸು ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಹಾಗಾದರೆ ಅದು ಮುರಿಯಲು ಏನಿತ್ತು?" ಇವತ್ತಿನ ಕಾನೂನು ನಿಂತಿರುವುದೂ ಇದೇ ಜಾಗದಲ್ಲಿ. 1949ರ ಜಿನೀವಾ ಒಪ್ಪಂದಗಳು "ಎಲ್ಲ ಸಂದರ್ಭದಲ್ಲೂ" ಪಾಲಿಸಬೇಕು ಅನ್ನುತ್ತವೆ. ನಾಲ್ಕನೆಯದು ತನ್ನ ರಕ್ಷಣೆಯಲ್ಲಿರುವ ಸಾಮಾನ್ಯ ಜನರ ಮೇಲೆ ಸೇಡಿನ ಕ್ರಮವನ್ನು ನೇರವಾಗಿ ನಿಷೇಧಿಸುತ್ತದೆ. ಯಾಕೆಂದರೆ ಆ ನಿಯಮ ಇರುವುದು ಎದುರು ಸೈನ್ಯಕ್ಕೆ ಕೊಡುವ ಬಹುಮಾನವಾಗಿ ಅಲ್ಲ, ನಡುವೆ ಸಿಕ್ಕಿಕೊಂಡವರಿಗಾಗಿ.

ಇನ್ನು ಹತ್ತು ನಿಮಿಷ ಬೆಂಚು ಬದಲು. ಅಶ್ವತ್ಥಾಮನ ಕಡೆಯವರು ಎದ್ದು ಕೃಪನ ವಾದದ ಅತಿ ಗಟ್ಟಿಯಾದ ಭಾಗವನ್ನು ಹೇಳಬೇಕು, ಆ ಕಡೆಯವರು ಇವರದ್ದನ್ನು. ಎದುರಿನವರು "ಹೌದು, ನಾನು ಹೇಳಿದ್ದು ಅದೇ" ಅಂದರೆ ಮಾತ್ರ ಅಂಕ. ಕೊನೆಯ ಇಪ್ಪತ್ತು ನಿಮಿಷ ಎಲ್ಲರೂ ಅರ್ಧ ಪುಟ ಬರೆಯಬೇಕು: ಮೂರು ತುಂಡುಗಳಲ್ಲಿ ಯಾವುದರ ಬಗ್ಗೆ ನಿನ್ನ ಅಭಿಪ್ರಾಯ ಬದಲಾಯಿತು, ಯಾವ ಮಾತಿನಿಂದ. ಗೆದ್ದವರು ಯಾರು ಅಂತ ನಾನು ಕೈ ಎತ್ತಿಸುವುದಿಲ್ಲ. ಕೈ ಎತ್ತಿಸಿದರೆ ಗೆಳೆಯರ ಲೆಕ್ಕ ಬರುತ್ತದೆ, ವಾದದ ಲೆಕ್ಕ ಬರುವುದಿಲ್ಲ.

ಚರ್ಚೆ ಹಾಳಾಗುತ್ತಿದೆ ಅನ್ನುವುದಕ್ಕೆ ಎರಡು ಗುರುತು ಇವೆ, ಭಾಗವತನಿಗೆ ಮೊದಲೇ ಹೇಳಿಕೊಟ್ಟಿರಬೇಕು. ಒಂದು, ರೀತಿಯ ಸುತ್ತಿನಲ್ಲಿ "ಆದರೆ ಅವರು ಮೊದಲು..." ಅಂತ ಶುರುವಾಗುವ ಉತ್ತರ. ಅದು ಎರಡನೇ ಪ್ರಶ್ನೆಯಿಂದ ಮೊದಲನೆಯದಕ್ಕೆ ಜಾರುವುದು. ಇನ್ನೊಂದು, "ನಮ್ಮ ಧರ್ಮದಲ್ಲಿ", "ನಿಮ್ಮ ಧರ್ಮದಲ್ಲಿ" ಅನ್ನುವ ಮಾತು. ಅಲ್ಲಿ ಕೂಡಲೇ ತಾಳ. "ಭೀಷ್ಮಪರ್ವದಲ್ಲಿ", "ಅಬೂಬಕರ್ ಮಾತಿನಲ್ಲಿ" ಅಂತ ಗ್ರಂಥದ ಹೆಸರು ಹಿಡಿದು ಹೇಳಬೇಕು. ಸಣ್ಣ ಬದಲಾವಣೆ, ಆದರೆ 2023ರಲ್ಲಿ ನನ್ನ ತರಗತಿಯನ್ನು ಒಡೆದಿದ್ದು ಇದೇ ಎರಡು ಶಬ್ದ.

ಇವತ್ತಿನ ಯುದ್ಧವನ್ನು ತರುವುದೇ ಇಲ್ಲ ಅಂತಲ್ಲ. ಮುಂದಿನ ವಾರ ತರುತ್ತೇನೆ. ಆದರೆ ಇಡೀ ಯುದ್ಧವನ್ನಲ್ಲ, ಪತ್ರಿಕೆಯಲ್ಲಿ ಬಂದ ಒಂದೇ ಒಂದು ಕೃತ್ಯವನ್ನು. ಒಂದು ಊರಿಗೆ ನೀರು ನಿಲ್ಲಿಸಿದ್ದು, ಒಂದು ತೋಟ ನೆಲಸಮ ಮಾಡಿದ್ದು, ಆಸ್ಪತ್ರೆಯ ಪಕ್ಕ ಆಯುಧ ಇಟ್ಟಿದ್ದು. ದೇಶಗಳ ಹೆಸರು ಅಳಿಸಿ ಒಂದನೇ ಪಕ್ಷ, ಎರಡನೇ ಪಕ್ಷ ಅಂತ ಬರೆದು ಕೊಡುತ್ತೇನೆ. ತೀರ್ಪು ಬರೆದಾದ ಮೇಲೆ ಹೆಸರು ಹೇಳುತ್ತೇನೆ. ಕೆಲವರು ಆಗ ತೀರ್ಪು ಬದಲಿಸಲು ಪೆನ್ನು ಎತ್ತುತ್ತಾರೆ. ಬದಲಿಸಬಹುದು ಅನ್ನುತ್ತೇನೆ, ಆದರೆ ಯಾಕೆ ಅಂತ ಕೆಳಗೆ ಒಂದು ಸಾಲು ಬರೆಯಬೇಕು.

ಹೋದ ವರ್ಷದ ಉತ್ತರಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ. ಕೃಪನ ಬೆಂಚಿನಲ್ಲಿದ್ದ ಹುಡುಗನದ್ದು. ಅವನು ಬರೆದಿದ್ದ: "ಕೃಪ ಬೇಡ ಅಂದ. ಆಮೇಲೆ ಅಶ್ವತ್ಥಾಮನ ಹಿಂದೆಯೇ ಹೋಗಿ ಬಾಗಿಲು ಕಾದ. ಬೇಡ ಅಂದವನು ಬಾಗಿಲು ಕಾದರೆ ಅವನು ಬೇಡ ಅಂದಿದ್ದಕ್ಕೆ ಏನು ಬೆಲೆ? ಯುದ್ಧ ಮುಗಿದ ಮೇಲೆ ಅವನನ್ನು ಏನು ಮಾಡಿದರು ಮೇಡಂ?"

ತರಗತಿಯಲ್ಲಿ ಇದನ್ನು ಗಟ್ಟಿಯಾಗಿ ಓದಿದೆ. ಯಾರಿಗೂ ಗೊತ್ತಿರಲಿಲ್ಲ. ಕತೆಯ ಕೊನೆಯಲ್ಲಿ ಪಾಂಡವರು ಎಲ್ಲ ಬಿಟ್ಟು ಹೊರಡುವ ದಿನ, ಧರ್ಮರಾಯ ಕೃಪನನ್ನು ಕರೆದು, ಗೌರವಿಸಿ, ಪರೀಕ್ಷಿತನನ್ನು ಶಿಷ್ಯನನ್ನಾಗಿ ಅವನ ಕೈಗೆ ಒಪ್ಪಿಸಿದ ಅಂತ ಹೇಳಿದೆ. ಅಸ್ತ್ರ ಗುರಿ ಇಟ್ಟಿದ್ದ ಅದೇ ಕೂಸನ್ನು. ಹಿಂದಿನ ಬೆಂಚಿನಿಂದ ಯಾರೋ "ಹೇಗೆ ಒಪ್ಪಿಸಿದ?" ಅಂದರು. ಇನ್ಯಾರೋ "ಅವನು ಹೇಗೆ ಒಪ್ಪಿಕೊಂಡ?" ಅಂದರು. ಈ ವರ್ಷದ ಹಾಳೆಯಲ್ಲಿ ಆ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.